ಏಳು ಕಿಲೋ, ಹತ್ತು ದಿನ

ದೇಶದೊಳಗೆ ಹಾರುವ ಹೆಚ್ಚಿನ ವಿಮಾನಗಳಲ್ಲಿ ಸಾಮಾನ್ಯ ದರ್ಜೆಯ ಪ್ರಯಾಣಿಕರು ತಮ್ಮೊಂದಿಗೆ ಒಳಗೆ ಒಯ್ಯಬಹುದಾದ ಬ್ಯಾಗಿನ ತೂಕ 7 ಕಿಲೋ ಮೀರುವಂತಿಲ್ಲ. ಅಳತೆಗೂ ಮಿತಿಯಿದೆ. ಕಂಪನಿಯಿಂದ ಕಂಪನಿಗೆ ಸ್ವಲ್ಪ ಹೆಚ್ಚುಕಡಿಮೆಯಾದರೂ ಸುಮಾರಾಗಿ 55 ಸೆಂ.ಮೀ. ಎತ್ತರ, 35 ಸೆಂ.ಮೀ. ಅಗಲ, 25 ಸೆಂ.ಮೀ. ದಪ್ಪ ಎಂದು ಇಟ್ಟುಕೊಳ್ಳಬಹುದು. ಚಕ್ರ, ಹಿಡಿಕೆ ಎಲ್ಲವೂ ಇದರೊಳಗೇ ಬರಬೇಕು. ಈ ಗಾತ್ರದ ಬ್ಯಾಗಿನಲ್ಲಿ ಬಟ್ಟೆ ತುಂಬುತ್ತಾ ಹೋದರೆ ಜಾಗ ಮುಗಿಯುವ ಮೊದಲೇ 7 ಕಿಲೋ ಮುಗಿದುಹೋಗುತ್ತದೆ. ಹಾಗಾಗಿ ಕ್ಯಾಬಿನ್ ಬ್ಯಾಗಿನ ನಿಜವಾದ ಲೆಕ್ಕ ಜಾಗದ್ದಲ್ಲ, ತೂಕದ್ದು. ಗಾಳಿ ಹೀರಿ ಬಟ್ಟೆಯನ್ನು ಚಪ್ಪಟೆ ಮಾಡುವ ಪ್ಲಾಸ್ಟಿಕ್ ಚೀಲಗಳು ಇಲ್ಲಿ ಅಷ್ಟಾಗಿ ಉಪಯೋಗಕ್ಕೆ ಬಾರದಿರುವುದು ಇದೇ ಕಾರಣಕ್ಕೆ. ಅವು ಗಾತ್ರ ತಗ್ಗಿಸುತ್ತವೆ, ಗ್ರಾಮನ್ನಲ್ಲ. ಜೊತೆಗೆ ಬಟ್ಟೆಯ ತುಂಬಾ ಗಟ್ಟಿ ಸುಕ್ಕು ಬೀಳಿಸುತ್ತವೆ.

ಹತ್ತು ದಿನದ ಪ್ರವಾಸಕ್ಕೆ ಹತ್ತು ಜೊತೆ ಬಟ್ಟೆ ಎಂದು ಹೊರಟರೆ ಈ ಮಿತಿಯೊಳಗೆ ನಿಲ್ಲಲು ಸಾಧ್ಯವೇ ಇಲ್ಲ. ಇದಕ್ಕೆ ಸಿಕ್ಕಿರುವ ದಾರಿಯೇ ಕ್ಯಾಪ್ಸೂಲ್ ವಾರ್ಡ್‌ರೋಬ್: ಕೆಲವೇ ಉಡುಪು, ಆದರೆ ಯಾವುದನ್ನು ಯಾವುದರ ಜೊತೆ ತೊಟ್ಟರೂ ಹೊಂದುವಂಥವು. 1970ರ ದಶಕದಲ್ಲಿ ಲಂಡನ್ನಿನಲ್ಲಿ ಬಟ್ಟೆ ಅಂಗಡಿ ನಡೆಸುತ್ತಿದ್ದ ಸೂಸಿ ಫೋ ಈ ಹೆಸರನ್ನು ಜನಪ್ರಿಯಗೊಳಿಸಿದರು. 1985ರಲ್ಲಿ ನ್ಯೂಯಾರ್ಕಿನ ವಿನ್ಯಾಸಕಿ ಡೋನಾ ಕರನ್ ಏಳೇ ಉಡುಪುಗಳ ಒಂದು ಸಂಗ್ರಹ ತಂದಾಗ ಅದು ಇನ್ನಷ್ಟು ಹಬ್ಬಿತು. ಇಬ್ಬರ ಮನಸ್ಸಿನಲ್ಲಿದ್ದದ್ದು ಕಚೇರಿಗೆ ಹೋಗುವ ಹೆಣ್ಣುಮಕ್ಕಳು, ಅವರ ಬೀರುವಿನಲ್ಲಿ ಸುಮ್ಮನೆ ತೂಗಾಡುವ ಬಟ್ಟೆಗಳು. ಪ್ರವಾಸದ ಬ್ಯಾಗಿಗೆ ಅದೇ ಲೆಕ್ಕವನ್ನು ಹಚ್ಚುವಾಗ ಇನ್ನೊಂದು ಅಂಶ ಸೇರಿಕೊಳ್ಳುತ್ತದೆ. ಅದು ಒಗೆತ.

ಒಂದು ಪ್ರವಾಸವನ್ನೇ ಹಿಡಿದು ನೋಡಬಹುದು. ನವೆಂಬರ್ ಕೊನೆಯಲ್ಲಿ ಬೆಂಗಳೂರಿನ ಮಹಿಳೆಯೊಬ್ಬರು ಉತ್ತರಕ್ಕೆ ಹೊರಟಿದ್ದಾರೆ ಎಂದುಕೊಳ್ಳೋಣ. ಮೊದಲೆರಡು ದಿನ ದೆಹಲಿ, ಮೂರನೆಯ ದಿನ ಆಗ್ರಾ, ನಾಲ್ಕು ಮತ್ತು ಐದನೆಯ ದಿನ ಜೈಪುರ, ಆರನೆಯ ದಿನವೆಲ್ಲ ಪ್ರಯಾಣ, ಏಳು ಮತ್ತು ಎಂಟನೆಯ ದಿನ ಶಿಮ್ಲಾ, ಒಂಬತ್ತನೆಯ ದಿನ ಸಂಜೆ ಚಂಡೀಗಢದಲ್ಲಿ ಪರಿಚಿತರ ಮನೆಯ ಆರತಕ್ಷತೆ, ಹತ್ತನೆಯ ದಿನ ಅಲ್ಲಿಂದಲೇ ವಿಮಾನದಲ್ಲಿ ವಾಪಸ್. ಈ ಪ್ರವಾಸದಲ್ಲಿ ತೊಡಕುಗಳೆಲ್ಲ ಒಟ್ಟಿಗೇ ಇವೆ. ಜೈಪುರದ ಮಧ್ಯಾಹ್ನದಲ್ಲಿ ತೆಳು ಹತ್ತಿ ಬಟ್ಟೆ ಸಾಕು; ಶಿಮ್ಲಾದ ರಾತ್ರಿ 5 ಡಿಗ್ರಿಯ ಆಸುಪಾಸಿಗೆ ಇಳಿಯುತ್ತದೆ; ಕೊನೆಗೆ ಒಂದು ಸಂಜೆಗಾಗಿ ರೇಷ್ಮೆಯೂ ಬೇಕು.

ಎಷ್ಟು ಬಟ್ಟೆ ಎಂಬುದನ್ನು ಪ್ರವಾಸದ ದಿನಗಳು ತೀರ್ಮಾನಿಸುವುದಿಲ್ಲ, ಎರಡು ಒಗೆತಗಳ ನಡುವಿನ ಅಂತರ ತೀರ್ಮಾನಿಸುತ್ತದೆ. ಆದ್ದರಿಂದ ಮೊದಲು ನೋಡಬೇಕಾದದ್ದು ಬೀರುವನ್ನಲ್ಲ, ಯಾವ ಊರಿನಲ್ಲಿ ಬಟ್ಟೆ ಒಣಗುತ್ತದೆ ಎಂಬುದನ್ನು. ನವೆಂಬರಿನ ಜೈಪುರದಲ್ಲಿ ಗಾಳಿ ಒಣ, ಬಿಸಿಲು ಚುರುಕು. ಸಂಜೆ ಒಗೆದು ಹರವಿದ ತೆಳು ಕುರ್ತಾ ಮರುದಿನ ಬೆಳಗಿನ ಬಿಸಿಲು ಏರುವುದರೊಳಗೆ ಗರಿಗರಿಯಾಗುತ್ತದೆ. ಶಿಮ್ಲಾದಲ್ಲಿ ಅದೇ ಕುರ್ತಾ ಎರಡು ದಿನವಾದರೂ ತಣ್ಣಗೆ ಒದ್ದೆಯಾಗಿಯೇ ನೇತಾಡುತ್ತಿರುತ್ತದೆ. ಕೋಣೆಯ ಹೀಟರಿನ ಮೇಲೆ ಬಟ್ಟೆ ಹರವುವುದಂತೂ ಬೆಂಕಿಗೆ ಆಹ್ವಾನ ಕೊಟ್ಟಂತೆ. ಹೀಗಾಗಿ ಈ ಪ್ರವಾಸದಲ್ಲಿ ಒಗೆಯುವ ಊರು ಒಂದೇ, ಜೈಪುರ. ಅಲ್ಲಿ ನಾಲ್ಕನೆಯ ದಿನ ಸಂಜೆ ಹೆಚ್ಚಿನದನ್ನು, ಐದನೆಯ ದಿನ ಸಂಜೆ ಉಳಿದ ಒಂದೆರಡು ಸಣ್ಣಪುಟ್ಟದನ್ನು ಒಗೆದುಕೊಂಡರೆ ಮೊದಲ ಐದು ದಿನ ಒಂದು ಭಾಗ, ಕೊನೆಯ ಐದು ದಿನ ಇನ್ನೊಂದು ಭಾಗವಾಗುತ್ತದೆ. ಒಳಉಡುಪು ಐದು ಜೊತೆ ಸಾಕು. ಚಳಿಗಾಲದ ಉತ್ತರದಲ್ಲಿ ಬೆವರು ಕಡಿಮೆ; ಅರ್ಧ ದಿನ ರೈಲಿನಲ್ಲೋ ಕಾರಿನಲ್ಲೋ ತೊಟ್ಟು ಕೂತ ಕುರ್ತಾ ಮರುದಿನಕ್ಕೂ ನಡೆಯುತ್ತದೆ. ಹಾಗಾಗಿ ಮೇಲುಡುಪು ನಾಲ್ಕು, ಕೆಳಗಿನವು ಮೂರು.

ಯಾವ ಬಟ್ಟೆ ಬೇಗ ಒಣಗುತ್ತದೆ ಎಂಬುದನ್ನು ಮನೆಯಲ್ಲೇ ಪರೀಕ್ಷಿಸಬಹುದು. ರಾತ್ರಿ ಒಗೆದು, ಹಿಂಡಿ, ಕೋಣೆಯೊಳಗೆ ನೇತುಹಾಕಬೇಕು. ಬೆಳಿಗ್ಗೆ ಹೊಲಿಗೆಯ ಜಾಗ, ಕತ್ತಿನ ಪಟ್ಟಿ, ಜೇಬಿನ ಒಳಭಾಗ ಮುಟ್ಟಿ ನೋಡಬೇಕು. ಬಟ್ಟೆಯ ಮೈ ಒಣಗಿದ್ದರೂ ಈ ಜಾಗಗಳಲ್ಲಿ ತೇವ ಉಳಿದಿದ್ದರೆ ಅದು ಪ್ರವಾಸಕ್ಕೆ ಆಗಿಬರುವ ಬಟ್ಟೆಯಲ್ಲ. ಮಡಚಿಟ್ಟ ಒಂದೇ ದಿನದಲ್ಲಿ ಮುಗ್ಗಲು ವಾಸನೆ ಬರುತ್ತದೆ. ತೆಳು ಹತ್ತಿ, ಹತ್ತಿ ಬೆರೆತ ಪಾಲಿಯೆಸ್ಟರ್, ರೇಯಾನ್‌ನ ಹಗುರ ನೇಯ್ಗೆಗಳು ಸಾಮಾನ್ಯವಾಗಿ ಪಾಸಾಗುತ್ತವೆ. ಅಸ್ತರು ಕೊಟ್ಟ ಕುರ್ತಾ, ದಪ್ಪ ಖಾದಿ, ಜೀನ್ಸ್ ಫೇಲ್. ಪೂರ್ತಿ ಪಾಲಿಯೆಸ್ಟರ್ ಎಲ್ಲಕ್ಕಿಂತ ಬೇಗ ಒಣಗುತ್ತದೆ, ಏಕೆಂದರೆ ಅದರ ಎಳೆ ನೀರನ್ನು ಹೀರುವುದೇ ಇಲ್ಲವೆನ್ನುವಷ್ಟು ಕಡಿಮೆ. ಆದರೆ ಬೆವರಿನ ವಾಸನೆಯನ್ನು ಅದು ಹಿಡಿದಿಟ್ಟುಕೊಳ್ಳುತ್ತದೆ, ಎರಡನೆಯ ದಿನಕ್ಕೆ ತೊಡುವಂತಿರುವುದಿಲ್ಲ.

ಇನ್ನು ಬಣ್ಣದ ವಿಷಯ. ನಮ್ಮಲ್ಲಿ ಬಟ್ಟೆ ಕೊಳ್ಳುವ ರೂಢಿ ಕ್ಯಾಪ್ಸೂಲ್ ಲೆಕ್ಕಕ್ಕೆ ಸಂಪೂರ್ಣ ವಿರುದ್ಧ. ಚೂಡಿದಾರ್ ಎಂದರೆ ಟಾಪು, ಪ್ಯಾಂಟು, ದುಪಟ್ಟ ಮೂರೂ ಸೇರಿದ ‘ಸೆಟ್’. ಸೀರೆಗೆ ಅದರದ್ದೇ ರವಿಕೆ. ಹಸಿರು ಟಾಪಿನ ಜೊತೆ ಬಂದ ಗುಲಾಬಿ ಪ್ಯಾಂಟು ಆ ಒಂದು ಟಾಪನ್ನು ಬಿಟ್ಟು ಬೇರಾವುದಕ್ಕೂ ಹೊಂದುವುದಿಲ್ಲ. ಅಂಥ ಮೂರು ಸೆಟ್ ತುಂಬಿಕೊಂಡರೆ ಬ್ಯಾಗಿನಲ್ಲಿ ದುಪಟ್ಟ ಬಿಟ್ಟು ಆರು ಬಟ್ಟೆ, ತೊಡಲು ಸಿಗುವುದು ಮೂರೇ ಬಗೆ. ಅದೇ ಮೂರು ಟಾಪು, ಮೂರು ಪ್ಯಾಂಟು ಒಂದಕ್ಕೊಂದು ಹೊಂದಿಕೊಂಡರೆ ಒಂಬತ್ತು ಬಗೆ. ಆದ್ದರಿಂದ ಆಯ್ಕೆಯನ್ನು ಕೆಳಗಿನಿಂದ ಶುರುಮಾಡುವುದು ಒಳ್ಳೆಯದು: ಕಡು ನೀಲಿ ಜೀನ್ಸ್, ಕಪ್ಪು ಪ್ಯಾಂಟು, ಬೂದು ಬಣ್ಣದ ಲೆಗ್ಗಿಂಗ್ಸ್. ಈ ಮೂರರ ಮೇಲೂ ಒಪ್ಪುವ ನಾಲ್ಕು ಟಾಪುಗಳಾಗಿ ಸಾಸಿವೆ ಹಳದಿ, ಇಟ್ಟಿಗೆ ಕೆಂಪು, ತಿಳಿ ನೀಲಿ, ಮತ್ತು ಇವುಗಳ ನಡುವೆ ಎಲ್ಲಾದರೂ ಸೇರುವ ಸಣ್ಣ ಅಚ್ಚಿನ ಒಂದು ಕುರ್ತಾ. ಒಟ್ಟು ಹನ್ನೆರಡು ಜೋಡಿ.

ಬಣ್ಣದಷ್ಟೇ ಉದ್ದವೂ ಮುಖ್ಯ, ಇದನ್ನು ಮರೆಯುವವರೇ ಹೆಚ್ಚು. ಮೀನಖಂಡದವರೆಗೆ ಇಳಿಯುವ, ಪಕ್ಕ ಸೀಳಿದ ಕುರ್ತಾ ಲೆಗ್ಗಿಂಗ್ಸ್ ಮೇಲೆ ಚೆನ್ನ, ಜೀನ್ಸ್ ಮೇಲೆ ಜೋಲುಜೋಲು. ಸೊಂಟಕ್ಕೇ ನಿಲ್ಲುವ ಟಾಪು ಜೀನ್ಸಿಗೆ ಸರಿ, ಲೆಗ್ಗಿಂಗ್ಸಿಗೆ ಹಲವರಿಗೆ ಮುಜುಗರ. ಮೊಣಕಾಲಿಗಿಂತ ನಾಲ್ಕು ಬೆರಳು ಮೇಲೆ ನಿಲ್ಲುವ ಕುರ್ತಾ ಮೂರಕ್ಕೂ ಹೊಂದುತ್ತದೆ. ಎಲ್ಲವನ್ನೂ ಹಾಸಿಗೆಯ ಮೇಲೆ ಹರಡಿ, ಪ್ರತಿ ಟಾಪನ್ನೂ ಪ್ರತಿ ಪ್ಯಾಂಟಿನ ಪಕ್ಕ ಇಟ್ಟು ಹಗಲ ಬೆಳಕಿನಲ್ಲಿ ನೋಡಬೇಕು. ಒಂದೇ ಜೋಡಿಗೆ ಸಲ್ಲುವುದು ಎಷ್ಟೇ ಇಷ್ಟದ್ದಾದರೂ ಮನೆಯಲ್ಲೇ ಉಳಿಯುತ್ತದೆ. ಗಂಡಸರಿಗೆ ಈ ತಾಪತ್ರಯ ಕಡಿಮೆ. ಕಡು ಬಣ್ಣದ ಎರಡು ಪ್ಯಾಂಟು, ನಾಲ್ಕು ಅಂಗಿ ಎಂದರೆ ಕ್ಯಾಪ್ಸೂಲ್ ತಾನಾಗಿಯೇ ಆಯಿತು.

ಶಿಮ್ಲಾದ ಚಳಿ ಎಂದೊಡನೆ ಒಂದು ದಪ್ಪ ಕೋಟು ಕೊಳ್ಳುವವರಿದ್ದಾರೆ. ಒಂದೂವರೆ ಕಿಲೋ ತೂಗುವ ಆ ಕೋಟು ಹತ್ತರಲ್ಲಿ ಏಳು ದಿನ ಬರೀ ಹೊರೆ. ಬೆಚ್ಚಗಿಡುವುದು ಬಟ್ಟೆಯಲ್ಲ, ಬಟ್ಟೆಗಳ ನಡುವೆ ಮತ್ತು ಎಳೆಗಳ ಒಳಗೆ ಅಲುಗಾಡದೆ ನಿಂತ ಗಾಳಿ. ಆದ್ದರಿಂದ ತೆಳುವಾದ ಮೂರ್ನಾಲ್ಕು ಪದರ ಒಂದು ದಪ್ಪ ಪದರಕ್ಕಿಂತ ಒಳ್ಳೆಯ ಕೆಲಸ ಮಾಡುತ್ತದೆ: ಮೈಗೆ ಅಂಟುವ ಥರ್ಮಲ್, ಮೇಲೆ ದಿನದ ಕುರ್ತಾ, ಅದರ ಮೇಲೆ ಉಣ್ಣೆಯ ಕಾರ್ಡಿಗನ್, ಎಲ್ಲಕ್ಕೂ ಹೊರಗೆ ಗಾಳಿ ತಡೆಯುವ ಹಗುರ ಪ್ಯಾಡೆಡ್ ಜಾಕೆಟ್. ಆ ಹೊರ ಪದರ ಇಲ್ಲದಿದ್ದರೆ ಗಾಳಿ ಬೀಸಿದಾಗ ಉಣ್ಣೆಯ ಸಂದುಗಳಿಂದ ಬಿಸಿ ಸೋರಿಹೋಗುತ್ತದೆ. ಪದರಗಳ ಇನ್ನೊಂದು ಲಾಭವೆಂದರೆ ಒಂದೊಂದೂ ಬೇರೆಬೇರೆಯಾಗಿ ದುಡಿಯುತ್ತದೆ. ದೆಹಲಿಯ ಬೆಳಗಿಗೆ ಕಾರ್ಡಿಗನ್ ಒಂದೇ ಸಾಕು, ರಾತ್ರಿ ರೈಲಿಗೆ ಶಾಲು ಸಾಕು, ಥರ್ಮಲ್ ಶಿಮ್ಲಾದಲ್ಲಿ ರಾತ್ರಿಯುಡುಪೂ ಆಗುತ್ತದೆ. ಒಂದು ಎಚ್ಚರ: ಮೇಲಿನ ಪದರ ಒಳಗಿನದಕ್ಕಿಂತ ಸಡಿಲವಾಗಿರಬೇಕು. ಬೆಂಗಳೂರಿನಲ್ಲಿ ಟೀ ಶರ್ಟಿನ ಮೇಲೆ ತೊಟ್ಟು ಅಳತೆ ನೋಡಿದ ಜಾಕೆಟ್ಟು ಕಾರ್ಡಿಗನ್ ಮೇಲೆ ಬಿಗಿಯಾಗಿ, ಒಳಗಿನ ಗಾಳಿಯನ್ನೆಲ್ಲ ಹಿಂಡಿಬಿಡುತ್ತದೆ. ಎಲ್ಲ ಪದರ ತೊಟ್ಟು, ಕೈ ಮೇಲೆತ್ತಿ ನೋಡಿಯೇ ಕೊಳ್ಳಬೇಕು.

ಆರತಕ್ಷತೆಯ ಸೀರೆಯೇ ಈ ಬ್ಯಾಗಿನ ಅತಿ ದುಬಾರಿ ವಸ್ತು, ಬೆಲೆಯಲ್ಲಲ್ಲ, ತೂಕದಲ್ಲಿ. ಅಗಲ ಜರಿಯ ಕಾಂಚೀಪುರಂ ಸೀರೆ, ರವಿಕೆ, ಲಂಗ ಸೇರಿದರೆ ಸುಲಭವಾಗಿ ಒಂದು ಕಿಲೋ ದಾಟುತ್ತದೆ. ಜರಿಯ ಮಡಿಕೆ ಮುರಿಯುವ ಭಯ ಬೇರೆ. ಇಲ್ಲಿ ಮೈಸೂರು ಸಿಲ್ಕ್ ಕೈಹಿಡಿಯುತ್ತದೆ. ಅದು ಕ್ರೇಪ್ ರೇಷ್ಮೆ. ನೂಲನ್ನು ಬಿಗಿಯಾಗಿ ಹುರಿಗೊಳಿಸಿ ನೇಯ್ದಿರುವುದರಿಂದ ಬಟ್ಟೆ ಮೃದುವಾಗಿ ಇಳಿಬೀಳುತ್ತದೆ, ಬೇಗ ಸುಕ್ಕು ಹಿಡಿಯುವುದಿಲ್ಲ. ಸಣ್ಣ ಜರಿಯಂಚಿನದನ್ನು ಆರಿಸಿದರೆ ರವಿಕೆ, ಲಂಗ ಸೇರಿ ಸುಮಾರು 750 ಗ್ರಾಂನೊಳಗೆ ಮುಗಿಸಬಹುದು. ಹಳೆಯ ಹತ್ತಿ ಪಂಚೆಯ ತುಂಡಿನಲ್ಲಿ ಸುತ್ತಿ ಬ್ಯಾಗಿನ ಎಲ್ಲಕ್ಕಿಂತ ಮೇಲೆ ಇಟ್ಟು, ಚಂಡೀಗಢ ತಲುಪಿದ ಕೂಡಲೇ ಬಿಡಿಸಿ ನೇತುಹಾಕಿದರೆ ಸಂಜೆಯ ಹೊತ್ತಿಗೆ ಇಸ್ತ್ರಿಯೂ ಬೇಡ. ಒಂದು ಸಂಜೆಗಾಗಿ ಮುಕ್ಕಾಲು ಕಿಲೋ ಹೆಚ್ಚಾಯಿತು ಎನ್ನುವವರು ಕಪ್ಪು ಪ್ಯಾಂಟಿನ ಮೇಲೆ ರೇಷ್ಮೆ ಕುರ್ತಾ ತೊಟ್ಟು ಅರ್ಧ ಕಿಲೋ ಉಳಿಸಬಹುದು. ಆದರೆ ಮದುವೆ ಮನೆಗೆ ಸೀರೆಯುಟ್ಟೇ ಹೋಗಬೇಕೆನ್ನುವವರಿಗೆ ಆ ಉಳಿತಾಯ ಸಮಾಧಾನ ಕೊಡದು. ಬೇರೆ ಕಡೆ ಕಡಿತ ಮಾಡುವುದೇ ಸರಿ.

ಕಡಿತ ಮಾಡಲು ಒಳ್ಳೆಯ ಜಾಗ ಕಾಲು. ಎರಡೇ ಜೊತೆ: ನಡೆಯಲು ಶೂ, ಮತ್ತು ಸುಮಾರು 350 ಗ್ರಾಂ ತೂಗುವ ಚಪ್ಪಟೆ ಅಟ್ಟೆಯ ಚಪ್ಪಲಿ. ಶೂ ಯಾವಾಗಲೂ ಕಾಲಲ್ಲೇ ಇರಬೇಕು, ಬ್ಯಾಗಿನೊಳಗೆ ಹೋಗಬಾರದು. ಚಪ್ಪಲಿ ಕೋಣೆಗೂ ಆಯಿತು, ಆರತಕ್ಷತೆಯ ಸೀರೆಯ ಕೆಳಗೂ ಆಯಿತು. ಜೀನ್ಸನ್ನು ಕೂಡ ಪ್ರಯಾಣದ ದಿನಗಳಲ್ಲಿ ಮೈಮೇಲೇ ಹಾಕಿಕೊಂಡು, ಹತ್ತು ದಿನವೂ ಒಗೆಯದೆ ಮುಗಿಸಬೇಕು. ಅದರ ಅರ್ಧ ಕಿಲೋಗೂ ಮಿಕ್ಕಿದ ತೂಕ ಬ್ಯಾಗಿನ ಲೆಕ್ಕಕ್ಕೆ ಬರುವುದಿಲ್ಲ. ಪ್ಯಾಡೆಡ್ ಜಾಕೆಟ್ಟು, ಶಾಲು ಇವೂ ಹಾಗೆಯೇ, ಒಂದು ಕೈಮೇಲೆ, ಇನ್ನೊಂದು ಹೆಗಲ ಮೇಲೆ.

ಈಗ ಬ್ಯಾಗಿನೊಳಗೆ ಉಳಿದದ್ದನ್ನು ತೂಗಬಹುದು. ಎರಡು ಪ್ಯಾಂಟು ಸೇರಿ ಅರ್ಧ ಕಿಲೋ, ಮೂರು ಟಾಪು 600 ಗ್ರಾಂ, ಟೀ ಶರ್ಟು ಮತ್ತು ಪೈಜಾಮ 300, ಥರ್ಮಲ್ ಜೋಡಿ 300, ಕಾರ್ಡಿಗನ್ 350, ಒಳಉಡುಪು ಮತ್ತು ಕಾಲುಚೀಲ ಸೇರಿ 500, ಸೀರೆಯ ಗಂಟು 750, ಚಪ್ಪಲಿ 350. ಮೈ ಒರೆಸಲು ದಪ್ಪ ಟರ್ಕಿ ಟವೆಲ್ ಬದಲು 150 ಗ್ರಾಂನ ತೆಳು ಬೈರಾಸ. ಇಷ್ಟೂ ಸೇರಿ 3 ಕಿಲೋ 800 ಗ್ರಾಂ. ಸೋಪು, ಬ್ರಷ್ಷು, ಎಣ್ಣೆ, ಕ್ರೀಮು ಅರ್ಧ ಕಿಲೋ, ಚಾರ್ಜರು, ಪವರ್ ಬ್ಯಾಂಕು 450 ಗ್ರಾಂ, ಔಷಧ 150. ಒಟ್ಟು 4 ಕಿಲೋ 900 ಗ್ರಾಂ. ಇದಕ್ಕೆ ಬ್ಯಾಗಿನದೇ ತೂಕ ಸೇರಬೇಕು. ಎಲ್ಲ ಲೆಕ್ಕ ಬುಡಮೇಲಾಗುವುದು ಇಲ್ಲಿಯೇ. ಗಟ್ಟಿ ಕವಚದ, ನಾಲ್ಕು ಚಕ್ರದ ಟ್ರಾಲಿ ಖಾಲಿಯಿದ್ದಾಗಲೇ ಎರಡೂವರೆಯಿಂದ ಮೂರು ಕಿಲೋ ತೂಗುತ್ತದೆ. ಅದರಲ್ಲಿ ಇದೇ ಸಾಮಾನು ತುಂಬಿದರೆ ಏಳೂವರೆ ಕಿಲೋ ತಲುಪುತ್ತದೆ. 1 ಕಿಲೋ 300 ಗ್ರಾಂನ ಮೆತ್ತನೆಯ ಬೆನ್ನುಚೀಲವಾದರೆ 6 ಕಿಲೋ 200 ಗ್ರಾಂ. ಬೆನ್ನು, ಮಂಡಿ ನೋವಿರುವವರಿಗೆ ಚಕ್ರ ಬೇಕೇ ಬೇಕು ಎನ್ನುವುದಾದರೆ ಎರಡು ಚಕ್ರದ, ಬಟ್ಟೆಯ ಮೈಯ ಹಗುರ ಟ್ರಾಲಿ ಹುಡುಕಬೇಕು. ಅಂಗಡಿಯಲ್ಲಿ ಬಣ್ಣ, ಬೀಗ ನೋಡುವ ಮೊದಲು ಒಳಗಿನ ಚೀಟಿಯಲ್ಲಿ ಖಾಲಿ ತೂಕ ನೋಡುವುದು ಮೇಲು.

ತೂಗಲು ಮನೆಯಲ್ಲಿರುವ, ಮನುಷ್ಯರು ನಿಲ್ಲುವ ತೂಕದ ಯಂತ್ರವೇ ಸಾಕು. ಆದರೆ ಬ್ಯಾಗನ್ನು ಅದರ ಮೇಲಿಟ್ಟು ನೋಡಬಾರದು. ಆ ಯಂತ್ರಗಳು ಕಡಿಮೆ ತೂಕವನ್ನು ಸರಿಯಾಗಿ ತೋರಿಸುವುದಿಲ್ಲ. ಬ್ಯಾಗು ಹೊತ್ತು ನಿಂತು ಒಮ್ಮೆ, ಬಿಟ್ಟು ನಿಂತು ಒಮ್ಮೆ ನೋಡಿ ಕಳೆಯಬೇಕು. ಲೆಕ್ಕದಲ್ಲಿ ಉಳಿದ 800 ಗ್ರಾಂ ಖಾಲಿಯಾಗಿಯೇ ಇರಲಿ. ಅದು ಜೈಪುರದ ಪಾಲು.

ದಿನಬಳಕೆಯ ವಸ್ತುಗಳಲ್ಲಿ ದ್ರವ ಎಷ್ಟು ಕಡಿಮೆಯೋ ಅಷ್ಟು ಸುಖ. ವಿದೇಶಕ್ಕೆ ಹೋಗುವ ವಿಮಾನಗಳಲ್ಲಿ ಕ್ಯಾಬಿನ್ ಬ್ಯಾಗಿನ ಪ್ರತಿ ದ್ರವದ ಡಬ್ಬಿ 100 ಮಿ.ಲೀ. ಮೀರಬಾರದೆಂಬ ನಿಯಮ ಹೆಚ್ಚಿನ ಕಡೆ ಇದೆ; ಲಂಡನ್ನಿನಲ್ಲಿ ದ್ರವ ಸ್ಫೋಟಕದ ಸಂಚೊಂದು 2006ರ ಆಗಸ್ಟಿನಲ್ಲಿ ಬಯಲಾದ ಮೇಲೆ ಬಂದದ್ದು. ಉಪ್ಪಿನಕಾಯಿ, ತುಪ್ಪ, ಟೂತ್‌ಪೇಸ್ಟ್ ಕೂಡ ಅಲ್ಲಿ ದ್ರವವೆಂದೇ ಲೆಕ್ಕ. ದೇಶದೊಳಗಿನ ಪ್ರವಾಸಕ್ಕೂ ಅದೇ ಅಳತೆ ಹಿಡಿದರೆ ತೂಕ ಇಳಿಯುತ್ತದೆ. ತೆಂಗಿನೆಣ್ಣೆಯದ್ದು ಬೇರೆಯೇ ಕಥೆ. ಸುಮಾರು 24 ಡಿಗ್ರಿಗಿಂತ ಕೆಳಗೆ ಅದು ಗಟ್ಟಿಯಾಗುವುದರಿಂದ, ಕಿರಿದಾದ ಬಾಯಿಯ ಬಾಟಲಿಯಲ್ಲಿ ಒಯ್ದರೆ ಶಿಮ್ಲಾದಲ್ಲಿ ಒಂದು ಹನಿಯೂ ಹೊರಬರುವುದಿಲ್ಲ. ಅಗಲ ಬಾಯಿಯ ಪುಟ್ಟ ಡಬ್ಬಿಯಾದರೆ ಬೆರಳಲ್ಲಿ ತೆಗೆಯಬಹುದು. ಕತ್ತರಿ, ಬಿಡಿ ಬ್ಲೇಡು ಭದ್ರತಾ ತಪಾಸಣೆಯಲ್ಲೇ ಉಳಿಯುತ್ತವೆ. ಪವರ್ ಬ್ಯಾಂಕನ್ನು ಮಾತ್ರ ಕ್ಯಾಬಿನ್ನಿನಲ್ಲೇ ಒಯ್ಯಬೇಕು, ಸರಕಿಗೆ ಹಾಕುವ ಸಾಮಾನಿನೊಳಗೆ ಇಡುವಂತಿಲ್ಲ. ಸಣ್ಣ ವಿಮಾನಗಳಲ್ಲಿ, ಅಥವಾ ತಲೆಯ ಮೇಲಿನ ಗೂಡು ತುಂಬಿದಾಗ, ಗೇಟಿನಲ್ಲೇ ಬ್ಯಾಗನ್ನು ಪಡೆದು ಕೆಳಗೆ ಕಳಿಸುವುದುಂಟು. ಪವರ್ ಬ್ಯಾಂಕು, ಔಷಧ, ಕನ್ನಡಕವನ್ನು ಒಂದು ಚೀಲದಲ್ಲಿ ಕೂಡಿಸಿ ಮೇಲಿನ ಜಿಪ್ಪಿನಲ್ಲಿಟ್ಟಿದ್ದರೆ ಆ ಗಡಿಬಿಡಿಯಲ್ಲಿ ಒಂದೇ ಸಲಕ್ಕೆ ಎಳೆದುಕೊಳ್ಳಬಹುದು.

ತುಂಬುವ ಕ್ರಮದಲ್ಲಿ ಹೆಚ್ಚು ವಿದ್ಯೆಯೇನಿಲ್ಲ. ಟೀ ಶರ್ಟು, ಲೆಗ್ಗಿಂಗ್ಸ್, ಥರ್ಮಲ್‌ನಂಥ ಹೆಣೆದ ಬಟ್ಟೆಗಳನ್ನು ಸುರುಳಿ ಸುತ್ತಬಹುದು. ನೇಯ್ದ ಹತ್ತಿ ಕುರ್ತಾಗಳನ್ನು ಮಡಚುವುದೇ ಮೇಲು. ಭಾರದ ವಸ್ತು ಬೆನ್ನಿಗೆ ತಾಗುವ ಕಡೆ ಇರಲಿ. ಥರ್ಮಲ್ ಆರು ದಿನ ಬೇಕಾಗುವುದಿಲ್ಲ, ಅದು ತಳಕ್ಕೆ.

ದಾರಿಯಲ್ಲಿ ಮುಖ್ಯ ಕೆಲಸ ಒಂದೇ, ಜೈಪುರದ ಸಂಜೆಯ ಒಗೆತ. ಬಕೆಟ್ಟಿನಲ್ಲಿ ಸೋಪಿನ ನೀರು, ಹತ್ತು ನಿಮಿಷ ನೆನೆ, ಎರಡು ಸಲ ಜಾಲಿಸುವುದು. ನಂತರದ ಹಿಂಡುವಿಕೆಯಲ್ಲಿ ಗುಟ್ಟಿದೆ. ಹೋಟೆಲಿನ ಒಣ ಟವೆಲನ್ನು ಹಾಸಿ, ಕುರ್ತಾವನ್ನು ಅದರ ಮೇಲೆ ಹರಡಿ, ಎರಡನ್ನೂ ಒಟ್ಟಿಗೆ ಚಾಪೆಯಂತೆ ಸುತ್ತಿ, ಮಂಡಿಯೂರಿ ಒತ್ತಬೇಕು. ಕೈ ಹಿಂಡಿದ ಮೇಲೂ ಉಳಿದ ನೀರನ್ನು ಟವೆಲು ಹೀರಿಕೊಳ್ಳುತ್ತದೆ, ಒಣಗುವ ಸಮಯ ಬಹಳಷ್ಟು ಇಳಿಯುತ್ತದೆ, ಬಟ್ಟೆ ತಿರುಚಿ ಸುಕ್ಕಾಗುವುದೂ ಇಲ್ಲ. ನೇತುಹಾಕುವ ಮುನ್ನ ಜೋರಾಗಿ ಕೊಡವಿ, ಹೊಲಿಗೆಗಳನ್ನು ಕೈಯಲ್ಲಿ ಎಳೆದು ನೇರ ಮಾಡಿದರೆ ಇಸ್ತ್ರಿಯ ಅಗತ್ಯವೂ ಅಷ್ಟಾಗಿ ಬೀಳುವುದಿಲ್ಲ. ಅಲ್ಲಿ ಕೊಂಡ ಹೊಸ ಬಾಂಧನಿ, ನೀಲಿ ಅಚ್ಚಿನ ಬಟ್ಟೆಗಳನ್ನು ಈ ಬಕೆಟ್ಟಿಗೆ ಹಾಕಬಾರದು. ಹೊಸದರಲ್ಲಿ ಅವು ಬಣ್ಣ ಬಿಡುತ್ತವೆ, ತಿಳಿ ನೀಲಿ ಕುರ್ತಾ ಮಚ್ಚೆಮಚ್ಚೆಯಾದರೆ ಹನ್ನೆರಡು ಜೋಡಿಯಲ್ಲಿ ಮೂರು ಒಮ್ಮೆಗೇ ಹೋದಂತೆ. ಕೊಂಡದ್ದು 800 ಗ್ರಾಂ ಮೀರಿದರೆ, ಅಂದರೆ ಜೈಪುರದ ರಜಾಯಿಗೆ ಮನಸೋತರೆ, ಅಂಚೆ ಕಚೇರಿಯಿಂದ ಮನೆಗೆ ಪಾರ್ಸೆಲ್ ಮಾಡಿಸುವುದು ಉತ್ತಮ. ಕೊನೆಯ ದಿನ ಚಂಡೀಗಢದಲ್ಲಿ ಬ್ಯಾಗನ್ನು ಮತ್ತೊಮ್ಮೆ ತೂಗಬೇಕು. ಒದ್ದೆ ಬೈರಾಸವೊಂದೇ ಒಣಗಿದ್ದಾಗಿನ ಎರಡರಷ್ಟು ತೂಗುತ್ತದೆ.

ಈ ಲೆಕ್ಕ ಎಲ್ಲ ಪ್ರವಾಸಕ್ಕೂ ಸಲ್ಲುವುದಿಲ್ಲ. ಶಿಮ್ಲಾದ ಬದಲು ಮನಾಲಿಯ ಮೇಲಿನ ಹಿಮಕ್ಕೆ ಹೋಗುವುದಾದರೆ ಪದರಗಳು ಸಾಲವು, ನೀರು ಒಳನುಗ್ಗದ ಬೂಟು, ಕೋಟು ಬೇಕು. ಆದರೆ ಅವು ರೋಹ್ತಾಂಗ್ ದಾರಿಯ ಅಂಗಡಿಗಳಲ್ಲಿ ದಿನದ ಬಾಡಿಗೆಗೆ ಸಿಗುತ್ತವೆ, ಬೆಂಗಳೂರಿನಿಂದ ಹೊತ್ತೊಯ್ಯಬೇಕಿಲ್ಲ. ಕೈಗೂಸು ಜೊತೆಗಿದ್ದರೆ ಒಗೆತದ ಅಂತರ ಒಂದು ದಿನಕ್ಕೆ ಇಳಿಯುತ್ತದೆ, ಇಡೀ ಲೆಕ್ಕವೇ ಬದಲಾಗುತ್ತದೆ. ಎಲ್ಲಕ್ಕಿಂತ ಕಷ್ಟ ಮಳೆಗಾಲದ್ದು. ಜುಲೈನಲ್ಲಿ ಆಗುಂಬೆ, ಶೃಂಗೇರಿ, ಮಡಿಕೇರಿ ಸುತ್ತುವವರಿಗೆ ಬಟ್ಟೆ ಒಣಗುವ ಊರೇ ದಾರಿಯಲ್ಲಿ ಸಿಗುವುದಿಲ್ಲ. ಆಗ ಹತ್ತಿಯನ್ನು ಬಿಟ್ಟು ಪಾಲಿಯೆಸ್ಟರಿಗೆ ಶರಣಾಗಿ, ಎರಡು ಜೊತೆ ಬಟ್ಟೆ ಹೆಚ್ಚಿಗೆ ಇಟ್ಟುಕೊಂಡು, ಅಷ್ಟು ತೂಕವನ್ನು ಉಣ್ಣೆ ಮತ್ತು ಥರ್ಮಲ್ ಬಿಟ್ಟ ಜಾಗದಲ್ಲಿ ಸರಿದೂಗಿಸಬೇಕು. ನಡುವೆ ಒಂದು ದಿನ ಡ್ರೈಯರ್ ಇರುವ ಲಾಂಡ್ರಿಯ ಊರಿನಲ್ಲಿ ತಂಗುವಂತೆ ದಾರಿಯನ್ನೇ ಹೊಂದಿಸಿಕೊಳ್ಳಬೇಕು.